ಮೇಷ್ಟ್ರ ಬಂಡವಾಳ ಬಯಲಾದದ್ದು

ಡ್ರಾಯಿಂಗ್ ಮೇಷ್ಟ್ರ ಅಂಗಡಿಯ ಗಲ್ಲಾಪೆಟ್ಟಿಗೆ ಎಳೆದಾಗಲೆಲ್ಲ ಕೀಚ್ ಎಂದು ಕಿರುಚುತ್ತಿತ್ತು. ಒಂದು ಹನಿ ಎಣ್ಣೆ ಬಿಟ್ಟಿದ್ದರೆ ಸುಮ್ಮನಾಗುತ್ತಿತ್ತು. ಮೇಷ್ಟ್ರು ಬಿಡಲಿಲ್ಲ. ಆ ಸದ್ದು ಬೀದಿಗೆ ಕೇಳಿದರೆ ಒಳಗೆ ವ್ಯಾಪಾರ ನಡೆಯುತ್ತಿದೆ ಎಂದು ಜನ ತಿಳಿದುಕೊಳ್ಳಲಿ ಎಂಬ ಆಸೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲೂ ಆಗೊಮ್ಮೆ ಈಗೊಮ್ಮೆ ಸುಮ್ಮನೆ ಎಳೆದು ಮುಚ್ಚುತ್ತಿದ್ದರು. ಪಕ್ಕದ ಮಳಿಗೆಯ ದರ್ಜಿ ಒಂದು ದಿನ ಇಣುಕಿ ಕೇಳಿದ್ದ: "ಏನ್ ಮೇಷ್ಟ್ರೇ, ಇಲಿ ಸಾಕಿದೀರಾ?"

ಶಾಲೆಯಲ್ಲಿ ಜೀವಮಾನವಿಡೀ ಚಿತ್ರ ಕಲಿಸಿ ನಿವೃತ್ತರಾದ ಮೇಲೆ ಅದೇ ಶಾಲೆಯ ಎದುರು ಹಾಳೆ, ಪೆನ್ಸಿಲ್, ಬಣ್ಣ, ಕುಂಚಗಳ ಅಂಗಡಿ ತೆರೆದಿದ್ದರು. ಅದಕ್ಕೂ ಮೊದಲು ಅವರು ಜನ್ಮದಲ್ಲಿ ಏನನ್ನೂ ಮಾರಿದವರಲ್ಲ. ಹಳೇ ಪೇಪರನ್ನು ಮಾರುವಾಗಲೂ ತೂಕದವನು ಹೇಳಿದ್ದೇ ರೇಟು. ಹೆಂಡತಿಯ ಅಣ್ಣ ಅಂಗಡಿಯ ವಿಷಯ ಕೇಳಿದ ದಿನವೇ ಎಲ್ಲರ ಮುಂದೆ ನಕ್ಕಿದ್ದ: "ಡ್ರಾಯಿಂಗ್ ಮೇಷ್ಟ್ರು ಅಂಗಡಿ ಇಟ್ರೆ ಲಾಭಕ್ಕೇನು ಬರವಾ? ಬರ್ದೇ ಬಿಡ್ತಾರೆ, ಗೋಡೆ ಮೇಲೆ ಚಿತ್ರ!"

ಆ ನಗು ಮೇಷ್ಟ್ರ ಕಿವಿಯಲ್ಲಿ ಇನ್ನೂ ಬಾಡಿಗೆ ಕಟ್ಟದೆ ವಾಸವಾಗಿತ್ತು.

ಅವತ್ತು ಅಂಚೆಯವನು ಒಂದು ದಪ್ಪ ಲಕೋಟೆ ಕೊಟ್ಟು ಹೋದ ಹೊತ್ತಿಗೇ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಅವಳು ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು. ಊರಿನ ದನಿಗಳನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ನಿವೃತ್ತಳಾಗಿದ್ದಳು. ಯಾರ ಹಾಗೆ ಬೇಕಾದರೂ ಮಾತಾಡುತ್ತಿದ್ದಳು. ಡಬ್ಬಿ ಇಟ್ಟವಳೇ ಗಂಟಲು ಕೆರೆದು, ಹೊಟ್ಟೆ ಮುಂದೆ ಮಾಡಿ, ಕಟ್ಟಡದ ಮಾಲೀಕನಾದಳು.

"ನೋಡೀಮ್ಮಾ... ಹ್ಞಾ... ದರ್ಜಿ ಖಾಲಿ ಮಾಡ್ತಾ ಇದಾನೆ. ಆ ಮಳಿಗೆ... ಹ್ಞಾ... ನಿಮಗೇ ಕೊಡೋಣ ಅಂತ. ನಿಮ್ಮ ಯಜಮಾನ್ರ ಗಲ್ಲಾ ಸದ್ದು ನನ್ನ ಮನೇವರೆಗೂ ಕೇಳತ್ತೆ!"

ಮೇಷ್ಟ್ರು ನಗಬೇಕಾದ ಜಾಗದಲ್ಲಿ ನಕ್ಕರು.

"ಶನಿವಾರ ಅಡ್ವಾನ್ಸ್ ತಗೊಳ್ಳೋಕೆ ಬರ್ತಾನಂತೆ," ಎಂದಳು, ಈಗ ತನ್ನದೇ ದನಿಯಲ್ಲಿ. "ನನ್ನ ಠೇವಣಿ ಮುರೀತೀನಿ. ನಡುವಿನ ಗೋಡೆ ಒಡೆದು ಒಂದೇ ಅಂಗಡಿ ಮಾಡೋಣ. ಬ್ಯಾಂಕಲ್ಲಿ ಕೊಳೆಯೋ ಬದಲು ನಿಮ್ಮ ವ್ಯಾಪಾರದಲ್ಲಿ ಬೆಳೀಲಿ. ಆ ಲೆಕ್ಕದ ಹುಡುಗಿಗೂ ಫೋನ್ ಮಾಡಿದ್ದೆ. ಲಾಭ ಎಷ್ಟು ಅಂತ ಒಂದು ಕಾಗದ ಬರ್ದು ಕೊಡಮ್ಮ, ಅಣ್ಣನ ಮೂತಿಗೆ ಹಿಡೀಬೇಕು ಅಂದೆ. ಮೇಷ್ಟ್ರಿಗೇ ಬರೀತೀನಿ ಅಂದ್ಲು. ಬಂತಾ?"

ಮೇಷ್ಟ್ರ ಅಂಗೈ ಲಕೋಟೆಯ ಮೇಲಿತ್ತು. "ಇಲ್ಲ," ಎಂದರು. "ಇದು ಕ್ಯಾಟಲಾಗು. ಬಣ್ಣದ ಕಂಪನಿದು."

ಹೆಂಡತಿ ಹೋದ ಮೇಲೆ ಎರಡೇ ತುತ್ತು ಉಂಡರು. ಡಬ್ಬಿ ಮುಚ್ಚಿ ಲಕೋಟೆ ಬಿಚ್ಚಿದರು. ಬರೆದವಳು ಅವರದೇ ಹಳೆಯ ಶಿಷ್ಯೆ. ಸ್ಕೇಲು ಹಿಡಿದರೂ ಗೆರೆ ಸೊಟ್ಟಗೇ ಎಳೆಯುತ್ತಿದ್ದ ಹುಡುಗಿ. ಮೇಷ್ಟ್ರು ಅವಳಿಗೆ 'ವಕ್ರರೇಖೆ' ಎಂದು ಹೆಸರಿಟ್ಟು ತರಗತಿಯನ್ನೆಲ್ಲ ನಗಿಸಿದ್ದರು. ಈಗ ಅವಳು ಲೆಕ್ಕಪತ್ರದ ಕಚೇರಿ ನಡೆಸುತ್ತಿದ್ದಳು. ಅರ್ಧ ಪೇಟೆಯ ಲೆಕ್ಕ ಅವಳ ಮೇಜಿನ ಮೇಲೆ ನೆಟ್ಟಗಾಗುತ್ತಿತ್ತು.

'ಪೂಜ್ಯ ಮೇಷ್ಟ್ರಿಗೆ,

ನಮಸ್ಕಾರ. ಇದು ಎದುರಿಗೆ ಹೇಳಬೇಕಾದ ಮಾತು. ಆದರೆ ನಿಮ್ಮ ಎದುರು ನಿಂತರೆ ನಾನು ಇನ್ನೂ ಹೋಮ್‌ವರ್ಕ್ ಮಾಡದ ಹುಡುಗಿಯೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ನಗುವ ವಿಷಯ. ಮನೆಗೆ ತೆಗೆದುಕೊಂಡ ದುಡ್ಡನ್ನೆಲ್ಲ "ಡ್ರಾಯಿಂಗ್ಸ್" ಅಂತ ಬರೆಯಿರಿ ಎಂದು ಫೋನಿನಲ್ಲಿ ಹೇಳಿದ್ದೆ. ಯಾರಿಗೆ ಬೇಕಾದರೂ ಹೇಳಬಹುದಾದ ಈ ಮಾತನ್ನು ಡ್ರಾಯಿಂಗ್ ಮೇಷ್ಟ್ರಿಗೆ ಹಾಗೇ ಹೇಳಬಾರದಿತ್ತು. ತಪ್ಪು ನನ್ನದು. ನೀವು ಡ್ರಾಯಿಂಗ್ ಹಾಳೆ, ಬಣ್ಣ, ಕುಂಚ ಕೊಂಡದ್ದನ್ನೆಲ್ಲ ಅಚ್ಚುಕಟ್ಟಾಗಿ ಅದರ ಕೆಳಗೆ ಬರೆದಿದ್ದೀರಿ, ಪಕ್ಕದಲ್ಲಿ ಒಂದು ಪುಟ್ಟ ಕುಂಚದ ಚಿತ್ರವನ್ನೂ ಬಿಡಿಸಿದ್ದೀರಿ. ಚಿತ್ರ ಚೆನ್ನಾಗಿದೆ. ಆದರೆ ಅದು ಅಂಗಡಿಯ ಖರೀದಿ. ಡ್ರಾಯಿಂಗ್ಸ್ ಅಂದರೆ ಮಾಲೀಕ ತನ್ನ ಸ್ವಂತಕ್ಕೆ ಅಂಗಡಿಯಿಂದ ಎತ್ತಿದ ದುಡ್ಡು. ಅದು ಅಂಗಡಿಯ ಖರ್ಚಲ್ಲ. ಅದನ್ನು ಲಾಭದ ಲೆಕ್ಕಕ್ಕೆ ತರುವುದಿಲ್ಲ, ನಿಮ್ಮ ಬಂಡವಾಳದಲ್ಲಿ ಕಳೆಯುತ್ತೇವೆ. ನೀವು ಮನೆಗೆ ಕೊಂಡುಹೋದ ದುಡ್ಡು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಇದನ್ನು ಸರಿ ಮಾಡಿಕೊಂಡು ಮುಂದೆ ಹೋದೆ. ಆಗ ನಗು ನಿಂತಿತು. ನೀವು ಕೊಂಡ ಸರಕಿನಲ್ಲಿ ಅರ್ಧಕ್ಕರ್ಧ ಇನ್ನೂ ಕಪಾಟಿನಲ್ಲೇ ಇದೆ, ಹೋದ ವಾರ ಬಂದಾಗ ನಾನೇ ನೋಡಿದ್ದೇನೆ. ಉಳಿದ ಅರ್ಧವನ್ನು ನಿಮ್ಮ ಬೆಲೆಗೆ ಮಾರಿದರೆ ಎಷ್ಟು ಬರಬೇಕೋ ಅದರ ಮೂರು ಪಟ್ಟು ಮಾರಾಟ ಬರೆದಿದ್ದೀರಿ. ಇಷ್ಟು ಲಾಭ ಇಡುವ ಅಂಗಡಿಗೆ ಮಕ್ಕಳು ಬರುವುದಿಲ್ಲ, ಪೊಲೀಸರು ಬರುತ್ತಾರೆ. ಮತ್ತೆ ನೋಡಿದೆ. ಪ್ರತಿ ತಿಂಗಳ ಮೊದಲ ವಾರ "ಬಿಡಿ ಮಾರಾಟ" ಎಂದು ಒಂದೇ ಮೊತ್ತ. ಶಾಲೆಗೆ ರಜೆ ಇದ್ದ ತಿಂಗಳೂ ಅದೇ ಮೊತ್ತ. ನೀವು ಕೊಟ್ಟ ಪಾಸ್‌ಬುಕ್ಕಿನಲ್ಲಿ ಅದೇ ದಿನ ನಿಮ್ಮ ಪಿಂಚಣಿಯಿಂದ ತೆಗೆದ ಮೊತ್ತವೂ ಅದೇ.

ಮೇಷ್ಟ್ರೇ, ನಿಮ್ಮ ದುಡ್ಡನ್ನು ನಿಮ್ಮ ಅಂಗಡಿಗೆ ಹಾಕುವುದು ತಪ್ಪೇ ಅಲ್ಲ. ಅದಕ್ಕೆ ಮರ್ಯಾದೆಯ ಹೆಸರೇ ಇದೆ, ಬಂಡವಾಳ. ಅದನ್ನು ಮಾರಾಟ ಎಂದು ಕರೆದದ್ದು ತಪ್ಪು. ಹೀಗೇ ಬಿಟ್ಟರೆ ಪಿಂಚಣಿಗೆ ಒಂದು ಸಲ, ಅದೇ ದುಡ್ಡಿಗೆ ಅಂಗಡಿಯ ಲಾಭವೆಂದು ಇನ್ನೊಂದು ಸಲ ತೆರಿಗೆಯ ಲೆಕ್ಕಕ್ಕೆ ಬರುತ್ತೀರಿ. ಬಾರದ ಗಿರಾಕಿಯ ಮೇಲೆ ತೆರಿಗೆ ಕಟ್ಟಿದ ಮೊದಲ ವ್ಯಾಪಾರಿ ನೀವಾಗುತ್ತೀರಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಂಗಡಿ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯ ನಾಡಿ ನೋಡೋಣ ಎಂದು ನಾನು ಕೈ ಚಾಚಿದರೆ ಪ್ರತಿ ಸಲವೂ ನಿಮ್ಮ ಕೈಯೇ ಸಿಗುತ್ತದೆ. ರೋಗಿ ಒಳಗೆ ಮಲಗಿದ್ದಾನೆ, ನೀವು ಹೊರಗೆ ಕೂತು ಅವನ ಪರವಾಗಿ ನಾಡಿ ಕೊಡುತ್ತಿದ್ದೀರಿ.

ದಯವಿಟ್ಟು ಅಂಗಡಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಅಂಗಡಿಯ ಬಾಡಿಗೆ, ಖರೀದಿ, ಮಾರಾಟ ಎಲ್ಲ ಅದರಲ್ಲೇ ಆಗಲಿ. ಪಿಂಚಣಿ ಅದರ ಬಾಗಿಲು ತಟ್ಟಿದರೆ "ಬಂಡವಾಳ" ಎಂದು ಹೆಸರು ಹೇಳಿ ಒಳಗೆ ಬರಲಿ. ಮನೆಗೆ ಬೇಕಾದದ್ದನ್ನು ತಿಂಗಳಿಗೊಮ್ಮೆ ಗೊತ್ತುಪಡಿಸಿದ ಮೊತ್ತ ತೆಗೆಯಿರಿ, ಅಂಗಡಿಗೆ ಶಕ್ತಿ ಇದ್ದರೆ ಮಾತ್ರ. ಮನೆಗೆ ಒಂದು ಪೆನ್ಸಿಲ್ ಒಯ್ದರೂ ದುಡ್ಡು ಕೊಟ್ಟು ಒಯ್ಯಿರಿ, ಇಲ್ಲವೇ ಬರೆದಿಡಿ.

ಅಮ್ಮನವರು ಫೋನ್ ಮಾಡಿದ್ದರು. ತಮ್ಮ ಠೇವಣಿಯ ವಿಷಯ ಹೇಳಿದರು. ನಾನು ಏನೂ ಹೇಳಲಿಲ್ಲ. ಅಂಗಡಿ ನಿಮ್ಮದು, ಹೇಳಬೇಕಾದವರು ನೀವು. ಆದರೆ ಲಾಭ ಇದೆ ಎಂದು ನಾನು ಬರೆದುಕೊಡಲಾರೆ. ಅವರು ಮತ್ತೆ ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ.

ನಿಮ್ಮ ವಕ್ರರೇಖೆ.'

ಕಾಗದದಲ್ಲಿ ಒಂದೇ ಒಂದು ಬಿರುಸು ಮಾತಿರಲಿಲ್ಲ. ಬೈದಿದ್ದರೆ ಮೇಷ್ಟ್ರು ಕೋಪವಾದರೂ ಮಾಡಿಕೊಳ್ಳಬಹುದಿತ್ತು. ಬಂಡವಾಳ ಎಂಬ ಪದದ ಮೇಲೆ ಅವರ ಕಣ್ಣು ಕಚ್ಚಿಕೊಂಡಿತು. ಈ ಪದ ಜನರ ಬಾಯಲ್ಲಿ ಒಂಟಿಯಾಗಿ ಬರುವುದು ಕಡಿಮೆ. ಹಿಂದೆಯೇ 'ಬಯಲಾಯಿತು' ಎಂಬ ಜೊತೆಗಾರನನ್ನು ಕರೆದುಕೊಂಡು ಬರುತ್ತದೆ.

ಇದೆಲ್ಲ ಶುರುವಾದದ್ದು ಅಂಗಡಿ ತೆರೆದ ಮೊದಲ ತಿಂಗಳು. ಸಂಜೆ ಮನೆಗೆ ಹೋದಾಗ ಹೆಂಡತಿ ಗಿರಾಕಿ ಕೇಳುವಷ್ಟು ಸಹಜವಾಗಿ ಕೇಳಿದ್ದಳು, "ಇವತ್ತು ಎಷ್ಟಾಯ್ತು ರೀ?" ಅವತ್ತು ಆದದ್ದು ಎರಡು ರಬ್ಬರು ಮತ್ತು ಒಂದು ನಕಾಶೆ. ನಕಾಶೆಯನ್ನು ಕೊಂಡವಳು ತಿರುಗಿ ತಂದು ಕೊಟ್ಟಿದ್ದಳು. ಮೇಷ್ಟ್ರು ಜೇಬಿನಲ್ಲಿದ್ದ ಪಿಂಚಣಿಯ ನೋಟುಗಳನ್ನು ಎಣಿಸಿ, "ಲಾಭ," ಎಂದು ಕೊಟ್ಟರು. ಅವಳ ಮುಖ ಅರಳಿದ್ದನ್ನು ನೋಡಿ ಇನ್ನೊಂದು ಸಲ ಕೊಟ್ಟರು. ಆಮೇಲೆ ಅದು ಪದ್ಧತಿಯಾಯಿತು. ಪಿಂಚಣಿ ಬ್ಯಾಂಕಿನಿಂದ ಗಲ್ಲಾಪೆಟ್ಟಿಗೆಗೆ, ಗಲ್ಲಾಪೆಟ್ಟಿಗೆಯಿಂದ ಅಡುಗೆಮನೆಯ ಡಬ್ಬಕ್ಕೆ. ನಡುವೆ ಒಂದು ಕೀಚ್. ಪಿಂಚಣಿ ಬ್ಯಾಂಕಿನಲ್ಲಿ ಕೂಡುತ್ತಾ ಇದೆ ಎಂದು ಹೆಂಡತಿ ನಂಬಿದ್ದಳು.

ಕಾಗದ ಬಂದ ಮರುದಿನ ಬೆಳಿಗ್ಗೆ ಮೇಷ್ಟ್ರು ಔಷಧಿ ಅಂಗಡಿಯ ಮೇಲಿನ ಲೆಕ್ಕದ ಕಚೇರಿಯ ಮೆಟ್ಟಿಲು ಹತ್ತಿದರು. ಗಾಳಿಗೆ ಹಾರದಂತೆ ಪ್ರತಿ ಕಾಗದದ ಕಟ್ಟಿನ ಮೇಲೂ ಒಂದೊಂದು ನುಣುಪಾದ ಕಲ್ಲು ಇಟ್ಟಿದ್ದ ಕೋಣೆ. ಅವಳು ದಡಕ್ಕನೆ ಎದ್ದು ನಿಂತಳು. ಕುರ್ಚಿ ಹಿಂದೆ ಸರಿದು ಗೋಡೆಗೆ ಬಡಿಯಿತು.

"ಕೂತ್ಕೊ, ಕೂತ್ಕೊ. ಕಾಗದ ಬಂತು. ಅಕ್ಷರ ಈಗ ಚೆನ್ನಾಗಿದೆ ನಿಂದು."

"ಟೈಪ್ ಮಾಡಿದ್ದು ಸರ್ ಅದು."

ಮೇಷ್ಟ್ರು ಕೆಮ್ಮಿದರು. ನೀರು ಬಂತು. ಕುಡಿದರು. ಇನ್ನು ಕುಡಿಯಲು ಲೋಟದಲ್ಲಿ ಏನೂ ಉಳಿಯಲಿಲ್ಲ.

"ನೋಡಮ್ಮ, ಲೆಕ್ಕ ಎಲ್ಲ ನೀನು ಹೇಳಿದ ಹಾಗೇ ಮುಂದಿನ ತಿಂಗಳಿಂದ ಮಾಡ್ತೀನಿ. ಈ ಒಂದು ಸಲ ಮಾತ್ರ... ಒಂದು ಕಾಗದ. ನಮ್ಮನೇವ್ಳಿಗೆ ತೋರಿಸೋಕೆ ಅಷ್ಟೇ, ಸರ್ಕಾರಕ್ಕಲ್ಲ. ಸುಳ್ಳು ಬರಿ ಅನ್ನಲ್ಲ. ಸ್ವಲ್ಪ... ಶೇಡಿಂಗ್ ಮಾಡು."

ಅವಳು ತಲೆ ತಗ್ಗಿಸಿ ಮೇಜಿನ ಮೇಲಿನ ಕಲ್ಲನ್ನು ಒಂದು ಕಟ್ಟಿನಿಂದ ಇನ್ನೊಂದಕ್ಕೆ ಸರಿಸಿದಳು. ಆಮೇಲೆ ಬಾಯಿ ತೆರೆದಳು. ಅವಳಿಗೇ ಗೊತ್ತಿಲ್ಲದೆ ದನಿ ಬದಲಾಯಿತು. ಕೊನೆಯಲ್ಲಿ ಎಳೆಯುವ, ನಡುವೆ ಸೀಮೆಸುಣ್ಣ ಕುಟ್ಟುವ, ಶಾಲೆಯ ಮಕ್ಕಳೆಲ್ಲ ಬೆನ್ನ ಹಿಂದೆ ಅನುಕರಿಸುತ್ತಿದ್ದ ಮೇಷ್ಟ್ರದೇ ದನಿ.

"'ಮೊದಲು ಬೆಳಕು ಎಲ್ಲಿಂದ ಬರ್ತಿದೆ ಅಂತ ನೋಡೂ... ಆಮೇಲೆ ನೆರಳು ಹಾಕೂ... ಬೆಳಕೇ ಗೊತ್ತಿಲ್ದೆ ನೆರಳು ಹಾಕಿದ್ರೆ ಅದು ಮಡಕೆ ಅಲ್ಲಾ, ಮಸೀ!'" ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಕ್ಷಮಿಸಿ ಸರ್. ಹಾಗಲ್ಲ... ನೀವು ಹೇಳಿದ್ದೇ ಅದು."

ಎಷ್ಟು ವರ್ಷ ತಾವು ಕೇಳಿಸಿಕೊಳ್ಳದಂತೆ ನಟಿಸಿದ್ದ ದನಿ! ಮೇಷ್ಟ್ರ ಕಿವಿ ಬಿಸಿಯಾಯಿತು.

"ಹೇಳ್ದೆ ಇದ್ರೆ ಏನಾಗತ್ತೆ?" ಎಂದರು, ಮಗುವಿನ ಹಾಗೆ.

"ಅವರ ಠೇವಣಿ ಎರಡನೇ ಮಳಿಗೆ ಬಾಡಿಗೆಗೆ ಹೋಗತ್ತೆ ಸರ್. ಒಂದು ಮಳಿಗೆ ಬಾಡಿಗೇನೇ ನಿಮ್ಮ ಅಂಗಡಿ ದುಡೀತಿಲ್ಲ. ಎರಡಕ್ಕೆ ನಿಮ್ಮ ಪಿಂಚಣಿ ಸಾಲಲ್ಲ. ಆಮೇಲೆ ಹೇಳಲೇಬೇಕಾಗತ್ತೆ, ಆಗ ಅವರ ದುಡ್ಡೂ ಇರಲ್ಲ."

ಮೇಷ್ಟ್ರು ಮೆಟ್ಟಿಲಿಳಿಯುವಾಗ ಅವಳು ಬಾಗಿಲವರೆಗೂ ಬಂದು, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಹಾಗೆ ನಿಲ್ಲದಿದ್ದರೇ ಚೆನ್ನಾಗಿತ್ತು.

ಶುಕ್ರವಾರ ಸಂಜೆ ಹೆಂಡತಿ ಠೇವಣಿಯ ಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒರೆಸುತ್ತಿದ್ದಳು. ಕಾಗದವನ್ನು ಒರೆಸುವುದೇನಿದೆ? ಆದರೂ ಒರೆಸುತ್ತಿದ್ದಳು. ಅದು ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂಡಿಸಿದ ದುಡ್ಡು.

ಮೇಷ್ಟ್ರು ಪಾಸ್‌ಬುಕ್ಕನ್ನು ಅದರ ಪಕ್ಕದಲ್ಲಿಟ್ಟರು.

"ಏನ್ ಸಾರ್ ಇದು, ಟ್ರಂಕಾಲ್ ಬುಕ್ ಮಾಡ್ಬೇಕಾ?" ಎಂದು ಹಳೆಯ ಕಚೇರಿಯ ರಾಗದಲ್ಲಿ ಶುರು ಮಾಡಿದಳು. "ದಯವಿಟ್ಟು ಲೈನಲ್ಲಿರಿ, ತಾವು ಕರೆ ಮಾಡಿರುವ ಪಿಂಚಣಿಯ ಮೊತ್ತ..."

ಪುಟ ತಿರುವಿದಳು. ಇನ್ನೊಂದು ತಿರುವಿದಳು. ರಾಗ ನಿಂತಿತು.

"ಇಷ್ಟೇನಾ ಇರೋದು? ಮಿಕ್ಕಿದ್ದು ಯಾರಿಗ್ ಕೊಟ್ರಿ?"

"ನಿಂಗೇ."

"ನಂಗಾ?"

"ಲಾಭ ಅಂತ ಕೊಡ್ತಿದ್ನಲ್ಲ. ಅದು ಪಿಂಚಣಿ."

ಅವಳು ಲೈನು ಕತ್ತರಿಸಿಹೋದವಳ ಹಾಗೆ ಕೂತಳು. ಆಮೇಲೆ ಒಂದೊಂದೇ ತಂತಿ ಜೋಡಿಸತೊಡಗಿದಳು.

"ನಿನ್ನೆ ಕೊಟ್ಟಿದ್ದು?"

"ಪಿಂಚಣಿ."

"ಗ್ಯಾಸ್ ಒಲೆ?"

"ಪಿಂಚಣಿ."

"'ಅಂಗಡಿ ಕಡೆಯಿಂದ ನಿಂಗೊಂದು ಉಡುಗೊರೆ' ಅಂತ ಕೊಡಿಸಿದ್ರಲ್ಲ, ಈ ಕನ್ನಡಕ?"

ಅವಳು ಕನ್ನಡಕ ತೆಗೆದು ಮಡಚಿ ಪಾಸ್‌ಬುಕ್ಕಿನ ಮೇಲಿಟ್ಟಳು. ಕನ್ನಡಕವಿಲ್ಲದ ಅವಳ ಕಣ್ಣು ಮೇಷ್ಟ್ರನ್ನು ಹುಡುಕುತ್ತಿರುವಂತೆ ಕಂಡಿತು, ಎರಡು ಅಡಿ ದೂರದಲ್ಲಿ ಕೂತಿದ್ದರೂ.

"ದುಡ್ಡು ಹೋದ್ರೆ ಹೋಗ್ಲಿ ರೀ. ನಿಮ್ದೇ ದುಡ್ಡು, ನಮ್ಮ ಮನೆಗೇ ಬಂತು. ಅಣ್ಣನ ಮನೇಲಿ ಎಲ್ಲರ ಮುಂದೆ ಏನಂದಿದ್ದೆ ಗೊತ್ತಾ? ನಮ್ಮನೆಯವರು ಪಿಂಚಣಿ ಮುಟ್ಟೋದೇ ಇಲ್ಲ, ಅಂಗಡೀಲೇ ಮನೆ ನಡಿಯತ್ತೆ ಅಂದಿದ್ದೆ. ಅವನ ಹಾಗೇ ಮಾತಾಡಿ ಅವನ್ನೇ ಅಣಕಿಸಿದ್ದೆ. ಎಲ್ಲರೂ ನಕ್ಕಿದ್ರು." ಅವಳ ದನಿ ಒಡೆಯಿತು. "ನೀವು ನನ್ನನ್ನೇ ಬೊಂಬೆ ಮಾಡಿ, ಹಿಂದೆ ಕೂತು ಮಾತಾಡ್ಸಿದ್ರಲ್ಲ!"

ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. ಮೇಜಿನ ಮೇಲಿನ ಒಂದು ಹಳೆಯ ಬಿರುಕನ್ನು ಉಗುರಿನಲ್ಲಿ ಗೀಚುತ್ತಾ ಕೂತರು.

"ನಾಳೆ ಮಾಲೀಕನಿಗೆ ಬೇಡ ಅಂತ ನಾನೇ ಹೇಳ್ತೀನಿ," ಎಂದರು. "ನಿಮ್ಮಣ್ಣನಿಗೂ ನಾನೇ ಹೇಳ್ತೀನಿ."

ಫೋನಿನಲ್ಲಿ ಭಾವನಿಗೆ ಹೇಳಿದ್ದು ಮೂರೇ ಮಾತು: "ನೀವಂದಿದ್ದು ಸರಿ. ಚಿತ್ರ ಬರೆದಿದ್ದೆ. ಅವಳಿಗೆ ಗೊತ್ತಿರಲಿಲ್ಲ." ಆ ಕಡೆ ನಗು ಬರುತ್ತದೆಂದು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದರು. ನಗು ಬರಲಿಲ್ಲ. "ಹೋಗ್ಲಿ ಬಿಡಿ, ಆರೋಗ್ಯ ನೋಡ್ಕೊಳ್ಳಿ," ಎಂದ ಭಾವ, ಸಾವಿನ ಮನೆಯಲ್ಲಿ ಮಾತಾಡುವವನ ಹಾಗೆ ಮೆತ್ತಗೆ. ನಕ್ಕಿದ್ದರೇ ವಾಸಿಯಿತ್ತು.

ಮಾಲೀಕ ಶನಿವಾರ ಮನೆಗೆ ಬಂದು, ಮಳಿಗೆ ಬೇಡವೆಂದದ್ದಕ್ಕೆ "ಹ್ಞಾ... ಹಾಗಾ..." ಎಂದು ಹೋದ. ಹೆಂಡತಿ ಒಳಗಿನಿಂದ ಕೇಳಿಸಿಕೊಂಡಳು. ಅವನು ಹೋದ ಮೇಲೆ ಅವನ ಹಾಗೆ ಮಾತಾಡಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಒಬ್ಬಳೇ ಹೆಂಗಸಿನ ದನಿ, ಅದೂ 'ಊಟ', 'ನೀರು', 'ಬೀಗ' ಎಂಬಷ್ಟಕ್ಕೆ. ಒಂದು ಊರೇ ಖಾಲಿಯಾದ ಹಾಗಿತ್ತು.

ವಾರ ಕಳೆದು ಬಂದ ಸೋಮವಾರ ಮೇಷ್ಟ್ರು ಅಂಗಡಿಯ ಹೆಸರಿನಲ್ಲಿ ಬೇರೆ ಖಾತೆ ತೆರೆದರು. ಹಳೆಯ ಪುಸ್ತಕದ 'ಬಿಡಿ ಮಾರಾಟ'ಗಳನ್ನು ಒಂದೊಂದಾಗಿ ಹೊಡೆದು, ವಕ್ರರೇಖೆ ಸ್ಕೇಲಿಲ್ಲದೆ ನೆಟ್ಟಗೆ ಗೆರೆ ಹಾಕಿಕೊಟ್ಟ ಹೊಸ ಪುಸ್ತಕದಲ್ಲಿ 'ಮಾಲೀಕರ ಬಂಡವಾಳ' ಎಂದು ಬರೆದರು. ಮನೆಗೆ ಕೊಟ್ಟದ್ದನ್ನು ನೆನಪಿಸಿಕೊಂಡು ಡ್ರಾಯಿಂಗ್ಸ್‌ನಲ್ಲಿ ಇಳಿಸಿದರು. ಈ ಸಲ ಪಕ್ಕದಲ್ಲಿ ಚಿತ್ರ ಬಿಡಿಸಲಿಲ್ಲ. ಉಳಿದ ಮಾರಾಟವನ್ನು ಕೂಡಿದಾಗ ಬಂದ ಮೊತ್ತ ಎಷ್ಟು ಚಿಕ್ಕದಿತ್ತೆಂದರೆ ಮತ್ತೊಮ್ಮೆ ಕೂಡುವ ಅಗತ್ಯವೇ ಬೀಳಲಿಲ್ಲ. ಮೂರು ತಿಂಗಳು ಈ ಲೆಕ್ಕ ನೋಡೋಣ, ಬಾಡಿಗೆಯೂ ಹುಟ್ಟದಿದ್ದರೆ ಬಾಗಿಲು ಹಾಕೋಣ ಎಂದು ಶಿಷ್ಯೆ ಹೇಳಿದ್ದಳು. ಮೇಷ್ಟ್ರು ಗಲ್ಲಾಪೆಟ್ಟಿಗೆಗೆ ಎಣ್ಣೆ ಬಿಟ್ಟರು.

ಮಧ್ಯಾಹ್ನ ಡಬ್ಬಿ ಹಿಡಿದು ಹೆಂಡತಿ ಬಂದಳು. ಮೂಗಿನ ಮೇಲೆ ಹಳೆಯ ಕನ್ನಡಕ, ಒಂದು ಕಡ್ಡಿಗೆ ದಾರ ಸುತ್ತಿತ್ತು. ಡಬ್ಬಿಯನ್ನು ಮೂಲೆಯಲ್ಲಿಟ್ಟು ಹೊರಗೆ ಹೋದಳು. ಹೋದಳೇನೋ ಅಂದುಕೊಂಡರೆ ಮತ್ತೆ ಮೆಟ್ಟಿಲು ಹತ್ತಿ ಕೌಂಟರಿನ ಆಚೆ ನಿಂತಳು.

"ಅಂಗಡಿಯವ್ರೇ, ಪೆನ್ಸಿಲ್ ಇದ್ಯಾ?"

ಯಾರ ದನಿಯೋ ಗೊತ್ತಾಗಲಿಲ್ಲ. ಮೇಷ್ಟ್ರು ಈ ಮೊದಲು ಕೇಳಿರದ ದನಿ. ಯಾವ ಗುರುತೂ ಇಲ್ಲದ, ದಾರಿಯಲ್ಲಿ ಹೋಗುವ ಯಾವುದೋ ಗಿರಾಕಿಯ ದನಿ.

"ತಗೊಂಡ್ ಹೋಗೇ, ದುಡ್ಡು ಯಾಕೆ..." ಎಂದು ಬಾಯಿಯವರೆಗೂ ಬಂದ ಮಾತನ್ನು ಮೇಷ್ಟ್ರು ನುಂಗಿಕೊಂಡರು.

"ಇದೆ. ಗಟ್ಟಿಯದು ಬೇಕಾ, ಮೆತ್ತಂದಾ?"

"ಅಳಿಸಿದ್ರೆ ಕಲೆ ಉಳೀಬಾರ್ದು. ಅಂಥದ್ದು ಕೊಡಿ."

"ಅಂಥದ್ದು ಇಲ್ಲ," ಎಂದರು ಮೇಷ್ಟ್ರು. "ಎಲ್ಲಾ ಪೆನ್ಸಿಲ್ಲೂ ಸ್ವಲ್ಪ ಉಳಿಸತ್ತೆ."

ಅವಳು ಯೋಚಿಸಿದಳು. "ಹ್ಞಾ... ಹಾಗಾ..." ಎಂದಳು. ಮಾಲೀಕನ ರಾಗ ಹೌದೋ ಅಲ್ಲವೋ ಎನ್ನುವಷ್ಟು ಸಣ್ಣಗೆ. ಮೇಷ್ಟ್ರು ಮುಖ ಎತ್ತುವಷ್ಟರಲ್ಲಿ ಮತ್ತೆ ಗಿರಾಕಿಯಾಗಿದ್ದಳು. ತನ್ನ ಪರ್ಸಿನಿಂದ ನೋಟು ತೆಗೆದು ಕೌಂಟರಿನ ಮೇಲೆ ಚಪ್ಪಟೆಯಾಗಿ ಇಟ್ಟಳು.

"ಬಿಲ್ ಕೊಡಿ. ಚಿಲ್ಲರೆ ನೋಡಿ ಎಣಿಸಿ."

ಮೇಷ್ಟ್ರು ಗಲ್ಲಾ ಎಳೆದರು. ಸದ್ದಾಗಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟರು. ಅವಳು ಅದನ್ನು ಮತ್ತೊಮ್ಮೆ ಎಣಿಸಿ ಪರ್ಸಿಗೆ ಹಾಕಿಕೊಂಡು, ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಮೇಷ್ಟ್ರು ಪುಸ್ತಕ ತೆರೆದು, ಬಿಸಿಯಾದ ಕಿವಿಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದರಲ್ಲಿ ಬರೆದರು: ಮಾರಾಟ, ಪೆನ್ಸಿಲ್, ಒಂದು.